ಮೇಲಿನ ಮನೆಯ ಮಷಿನ್, ಕೆಳಗಿನ ಮನೆಯ ನಿದ್ದೆ

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನಲ್ಲಾದರೂ ನಡೆಯಬಹುದಾದ ಪ್ರಸಂಗ ಇದು. ಎರಡನೇ ಮಹಡಿಯಲ್ಲಿ ಶಾಲಾ ಶಿಕ್ಷಕಿಯೊಬ್ಬರಿದ್ದಾರೆ. ಬೆಳಗ್ಗೆ 6.30ಕ್ಕೆ ಅವರ ಸ್ಕೂಲ್ ಬಸ್. ಅಡುಗೆ, ಡಬ್ಬಿ ಎಲ್ಲ ಮುಗಿಯಬೇಕಾದರೆ 5 ಗಂಟೆಗೇ ಏಳಬೇಕು. ಮೇಲಿನ ಮನೆಯಲ್ಲಿ ಯುವ ದಂಪತಿ. ಇಬ್ಬರೂ ಕೆಲಸದಿಂದ ಬರುವಷ್ಟರಲ್ಲಿ ರಾತ್ರಿ 9.30 ದಾಟಿರುತ್ತದೆ. ಊಟ ಮುಗಿಸಿ ಬಟ್ಟೆಗೆ ಹಾಕುತ್ತಾರೆ. 11.30ರ ಹೊತ್ತಿಗೆ ಶಿಕ್ಷಕಿಯ ಬೆಡ್‌ರೂಮಿನ ಚಾವಣಿ ಗುಡುಗಲು ಶುರುವಾಗುತ್ತದೆ.

ಮೂರನೇ ವಾರ ತಾಳ್ಮೆ ಕೆಟ್ಟು, ಮಂಚದ ಮೇಲೇ ಕುಳಿತು ವಾಟ್ಸಾಪ್‌ನಲ್ಲಿ ಅವರು ಟೈಪ್ ಮಾಡಿದ್ದು ಹೀಗಿದೆ ಎಂದುಕೊಳ್ಳಿ: “ಏನ್ರೀ ಇದು, ದಿನಾ ಅರ್ಧ ರಾತ್ರೀಲಿ ಬಟ್ಟೆ ಒಗೀತೀರಲ್ಲ, ಸ್ವಲ್ಪಾನಾದ್ರೂ ಕಾಮನ್ ಸೆನ್ಸ್ ಬೇಡ್ವಾ? ಕೆಳಗಡೆ ಮನುಷ್ಯರು ಇದಾರೆ ಅನ್ನೋದು ನೆನಪಿದ್ಯಾ? ಇನ್ನೊಂದ್ಸಲ ಸೌಂಡ್ ಬಂದ್ರೆ ಅಸೋಸಿಯೇಷನ್‌ಗೂ ಹೇಳ್ತೀನಿ, ಪೊಲೀಸ್ ಕಂಪ್ಲೇಂಟೂ ಕೊಡ್ತೀನಿ.”

ಸಿಟ್ಟು ನ್ಯಾಯವಾದದ್ದೇ. ಆದರೆ ಈ ಸಂದೇಶದ ದೊಡ್ಡ ದೋಷ ಅದರ ಒರಟುತನವಲ್ಲ. ಇಷ್ಟೆಲ್ಲ ಬರೆದರೂ ಮೇಲಿನವರು ಏನು ಮಾಡಬೇಕು ಎಂಬುದು ಎಲ್ಲೂ ಇಲ್ಲ. ಬಟ್ಟೆ ಒಗೆಯುವುದನ್ನೇ ಬಿಡಬೇಕೇ? ಯಾವ ಹೊತ್ತಿನೊಳಗೆ ಮುಗಿಸಬೇಕು? ಓದಿದವರಿಗೆ ತಿಳಿಯುವುದು ಒಂದೇ, ಕೆಳಗಿನ ಮನೆಯವರು ಬೈದಿದ್ದಾರೆ ಎಂಬುದು. ಬೈಸಿಕೊಂಡವರು ಉತ್ತರಕ್ಕೆ ಹಿಡಿಯುವುದು ಅತಿ ದುರ್ಬಲವಾದ ಮಾತನ್ನು. “ದಿನಾ ಎಲ್ಲಿ ಮೇಡಂ, ವಾರಕ್ಕೆ ಎರಡು ಸಲ” ಎಂದುಬಿಟ್ಟರೆ ಜಗಳ ಲೆಕ್ಕದ ಮೇಲೆ ತಿರುಗುತ್ತದೆ, ನಿದ್ದೆಯ ವಿಷಯ ಅಲ್ಲಿಗೇ ನಿಲ್ಲುತ್ತದೆ.

ಪೊಲೀಸ್ ಮಾತೂ ಪೊಳ್ಳೇ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗಿನದು ರಾತ್ರಿ ಅವಧಿ. ವಸತಿ ಪ್ರದೇಶದಲ್ಲಿ ಆಗ ಶಬ್ದದ ಮಿತಿ 45 ಡೆಸಿಬಲ್, ಹಗಲು 55. ಆದರೆ ಈ ನಿಯಮಗಳ ಕಣ್ಣು ಮುಖ್ಯವಾಗಿ ಧ್ವನಿವರ್ಧಕ, ಜೋರು ಸಂಗೀತ, ಪಟಾಕಿ, ಹಾರ್ನ್, ಕಟ್ಟಡ ಕೆಲಸದ ಯಂತ್ರಗಳ ಮೇಲಿದೆ. ಟೆರೇಸಿನಲ್ಲಿ ಮಧ್ಯರಾತ್ರಿ ಡಿಜೆ ಹಾಕಿದರೆ 112ಕ್ಕೆ ಫೋನ್ ಮಾಡುವುದರಲ್ಲಿ ಅರ್ಥವಿದೆ. ಸ್ಲ್ಯಾಬಿನ ಮೂಲಕ ಇಳಿಯುವ ವಾಷಿಂಗ್ ಮಷಿನ್ ನಡುಕವನ್ನು ಬಂದು ಅಳೆಯುವವರು ಯಾರು? ನಡೆಸಲಾಗದ ಬೆದರಿಕೆ ಹಾಕಿದರೆ ಮುಂದಿನ ನಿಜವಾದ ಮಾತಿಗೂ ಬೆಲೆ ಇರುವುದಿಲ್ಲ.

ಮೊಬೈಲ್ ಪಕ್ಕಕ್ಕಿಟ್ಟು ಬೆಳಗ್ಗೆ ಮತ್ತೆ ಓದಿದಾಗ ನಾಚಿಕೆಯಾಗಿ ಬಹಳ ಮಂದಿ ಮಾಡುವುದು ತದ್ವಿರುದ್ಧದ ತಪ್ಪು: “ಸಾರಿ ಸರ್, ಡಿಸ್ಟರ್ಬ್ ಮಾಡ್ತಿದೀನಿ, ಏನೂ ತಪ್ಪು ತಿಳ್ಕೋಬೇಡಿ, ಆದ್ರೆ ರಾತ್ರಿ ಹೊತ್ತು ಸ್ವಲ್ಪ ಸೌಂಡ್ ಕಮ್ಮಿ ಮಾಡಿದ್ರೆ ಅನುಕೂಲ.” ಮೇಲಿನವರು ಒಳ್ಳೆಯವರೇ. ಅಂದು ರಾತ್ರಿಯೇ ಟಿವಿ ವಾಲ್ಯೂಮ್ ಇಳಿಸುತ್ತಾರೆ. ಮಷಿನ್ ಎಂದಿನಂತೆ ಓಡುತ್ತದೆ. ಹೇಳಿದ ಮೇಲೂ ಹೀಗೆ ಮಾಡುತ್ತಾರಲ್ಲ ಎಂದು ಇವರ ಸಿಟ್ಟು ಎರಡು ಪಟ್ಟಾಗುತ್ತದೆ.

ಅವರಿಗೆ ತಾನಾಗಿ ಹೊಳೆಯದಿರುವುದಕ್ಕೆ ಕಾರಣವಿದೆ. ಮಾತು, ಟಿವಿಯ ಸದ್ದು ಗಾಳಿಯಲ್ಲಿ ಬರುತ್ತದೆ. ಗೋಡೆ, ಬಾಗಿಲು ಅದನ್ನು ಬಹುಪಾಲು ತಡೆಯುತ್ತವೆ. ಸ್ಪಿನ್ ಆಗುವ ಡ್ರಮ್ಮು, ಎಳೆಯುವ ಕುರ್ಚಿ, ಬೀಳುವ ಪಾತ್ರೆ ಇವು ನೆಲವನ್ನೇ ನಡುಗಿಸುತ್ತವೆ. ಆ ನಡುಕ ಕಾಂಕ್ರೀಟಿನಲ್ಲಿ ಹರಿದು ಕೆಳಗಿನ ಮನೆಯಲ್ಲಿ ಸದ್ದಾಗಿ ಹೊಮ್ಮುತ್ತದೆ. ಮೇಲೆ ಯುಟಿಲಿಟಿಯ ಬಾಗಿಲು ಹಾಕಿಕೊಂಡರೆ ಹಾಲ್‌ನಲ್ಲಿ ಕುಳಿತವರಿಗೆ ಹೆಚ್ಚೇನೂ ಕೇಳುವುದಿಲ್ಲ. ಕೆಳಗೆ ಮಲಗಿದವರಿಗೆ ತಲೆಯ ಮೇಲೇ ಓಡಿದಂತಾಗುತ್ತದೆ. ಕಂಬಗಳ ಮೂಲಕವೂ ಸದ್ದು ಹರಿಯುವುದರಿಂದ ಅದು ನೇರ ಮೇಲಿನ ಮನೆಯದೇ ಆಗಿರಬೇಕೆಂದಿಲ್ಲ, ಅದರ ಪಕ್ಕದ ಮನೆಯದೂ ಇರಬಹುದು. ಹಾಗಾಗಿ ಬರೆಯುವ ಮುನ್ನ ಒಂದು ವಾರ ದಿನ, ಹೊತ್ತು, ಎಂಥ ಸದ್ದು ಎಂದು ಗುರುತು ಹಾಕಿಕೊಳ್ಳುವುದು, ಆಗುವಾಗ ಒಮ್ಮೆ ಮೆಟ್ಟಿಲು ಹತ್ತಿ ಎಲ್ಲಿಂದ ಎಂದು ಕಿವಿಗೊಡುವುದು ಲೇಸು. ಶಿಕ್ಷಕಿ ಹಾಗೆ ಬರೆದಿಟ್ಟರೆ “ದಿನಾ” ಎಂದಿದ್ದು ವಾರಕ್ಕೆ ಮೂರು ದಿನ ಎಂದು ಬದಲಾದೀತು. ಆ ಮೂರು ದಿನವನ್ನು ಯಾರೂ ಅಲ್ಲಗಳೆಯಲಾರರು.

ಇನ್ನೊಂದು ಸೂಕ್ಷ್ಮವಿದೆ. ಸ್ಪಿನ್ನಿನ ಜೋರು ಸದ್ದು ಬರುವುದು ಮುಖ್ಯವಾಗಿ ಒಗೆತದ ಕೊನೆಯಲ್ಲಿ. 10.15ಕ್ಕೆ ಬಟನ್ ಒತ್ತಿದವರ ಲೆಕ್ಕದಲ್ಲಿ ಬಟ್ಟೆ ಹಾಕಿದ್ದು ಹತ್ತೂಕಾಲಿಗೆ, ಕೆಳಗಿನವರಿಗೆ ಗುಡುಗಿದ್ದು ಹನ್ನೊಂದೂವರೆಗೆ. “ಹತ್ತೂವರೆ ಮೇಲೆ ಹಾಕಬೇಡಿ” ಎಂದು ಕೇಳಿದರೆ ಅವರು ಮಾತು ಉಳಿಸಿಕೊಂಡೂ ಇವರ ನಿದ್ದೆ ಕೆಡುತ್ತದೆ. ಕೇಳಬೇಕಾದದ್ದು ಮುಗಿಯುವ ಹೊತ್ತನ್ನು.

ಇಷ್ಟು ತಿಳಿದ ಮೇಲೆ ಬರೆಯಬಹುದಾದ ಸಂದೇಶ ಇದು:

“ನಮಸ್ಕಾರ ಸರ್, ನಿಮ್ಮ ಕೆಳಗಿನ ಮನೆಯವರು ನಾವು. ವಾರದಲ್ಲಿ ಮೂರು ದಿನ ರಾತ್ರಿ ಹನ್ನೊಂದೂವರೆ ಹೊತ್ತಿಗೆ ವಾಷಿಂಗ್ ಮಷಿನ್ ಸ್ಪಿನ್ ಆಗೋ ಸೌಂಡ್ ನಮ್ಮ ಬೆಡ್‌ರೂಮಿಗೆ ಜೋರಾಗಿ ಕೇಳುತ್ತೆ. ನೆಲದ ಮೂಲಕ ಇಳಿಯೋದ್ರಿಂದ ನಿಮಗೆ ಅಲ್ಲಿ ಅಷ್ಟು ಗೊತ್ತಾಗಿರಲಿಕ್ಕಿಲ್ಲ. ನಾನು ಬೆಳಗ್ಗೆ ಐದಕ್ಕೆ ಏಳಬೇಕು, ಎಚ್ಚರ ಆದ್ರೆ ಮತ್ತೆ ನಿದ್ದೆ ಬರಲ್ಲ. ರಾತ್ರಿ ಹತ್ತೂವರೆ ಒಳಗೆ ಮಷಿನ್ ಮುಗಿಯೋ ಹಾಗೆ ಮಾಡೋಕಾಗುತ್ತಾ? ನಿಮ್ಮ ಡ್ಯೂಟಿ ಟೈಮಿಗೆ ಅದು ಕಷ್ಟ ಆದ್ರೆ ಹೇಳಿ, ಬೇರೆ ದಾರಿ ನೋಡೋಣ.”

ಇಲ್ಲಿ ಒಂದೇ ಒಂದು ‘ಪ್ಲೀಸ್’ ಇಲ್ಲ, ಕ್ಷಮೆಯೂ ಇಲ್ಲ. ಕೇಳುವ ಹಕ್ಕಿರುವವರು ಕ್ಷಮೆ ಕೋರಬೇಕಾಗಿಯೂ ಇಲ್ಲ. ಮೇಲಿನವರ ಗುಣದ ಬಗ್ಗೆ ಇದ್ದ ಊಹೆಗಳನ್ನೆಲ್ಲ ತೆಗೆದದ್ದರಿಂದಲೇ ಮಾತು ಮೆತ್ತಗಾಗಿದೆ. “ಗೊತ್ತಾಗಿರಲಿಕ್ಕಿಲ್ಲ” ಎಂಬುದು ಉಪಚಾರದ ಮಾತಲ್ಲ, ನಿಜಾಂಶ. ತಪ್ಪೊಪ್ಪಿಕೊಳ್ಳದೆಯೂ ಅವರು ಸರಿಪಡಿಸಿಕೊಳ್ಳಬಹುದು. ಸ್ಪಷ್ಟತೆ ಬಂದದ್ದು ಯಾವ ಸದ್ದು, ಎಷ್ಟು ಹೊತ್ತಿಗೆ, ಎಲ್ಲಿ ಕೇಳುತ್ತದೆ, ಏನಾಗಬೇಕು ಎಂಬುದರಿಂದ.

ಕಳಿಸುವ ಹೊತ್ತೂ ಮುಖ್ಯ. ಸದ್ದು ಆಗುತ್ತಿರುವಾಗ, ನಡುರಾತ್ರಿ ಕಳಿಸಿದರೆ ಎಷ್ಟೇ ಮೆತ್ತಗಿದ್ದರೂ ಅದು ಸಿಟ್ಟಿನಂತೆಯೇ ಓದಿಸಿಕೊಳ್ಳುತ್ತದೆ. ಮರುದಿನ ಸಂಜೆ ಕಳಿಸುವುದು ಮೇಲು, ಅದೂ ನೇರವಾಗಿ ಅವರಿಗೇ. ಅಪಾರ್ಟ್‌ಮೆಂಟ್ ಗ್ರೂಪಿಗೆ “ಕೆಲವರು ರಾತ್ರಿ ಬಟ್ಟೆ ಒಗೆಯುತ್ತಾರೆ” ಎಂದು ಹಾಕುವುದು ಅತಿ ಕೆಟ್ಟ ದಾರಿ. ಹತ್ತು ಮನೆಯವರು ಹೆಬ್ಬೆರಳು ತೋರಿಸುತ್ತಾರೆ, ಯಾರಿಗೆ ಹೇಳಿದ್ದೋ ಅವರಿಗೆ ಅವಮಾನವಾಗುತ್ತದೆ.

“9.30ಕ್ಕೇ ಬರೋದು ಮೇಡಂ, ಏನ್ ಮಾಡೋಣ?” ಎಂಬ ಉತ್ತರ ಬರಬಹುದು. ಆಗ ಮಷಿನ್ ಕಡೆಗೇ ನೋಡಬೇಕು. ಹಲವು ಮಷಿನ್‌ಗಳಲ್ಲಿ ತಡವಾಗಿ ಶುರುವಾಗುವಂತೆ ಹೊತ್ತು ನಿಗದಿ ಮಾಡುವ ಬಟನ್ ಇರುತ್ತದೆ. ರಾತ್ರಿ ಬಟ್ಟೆ ತುಂಬಿಟ್ಟು ಬೆಳಗ್ಗೆ 6ಕ್ಕೆ ಓಡುವಂತೆ ಇಡಬಹುದು. ಮಷಿನ್ ಜಿಗಿಯುತ್ತಿದ್ದರೆ ನಾಲ್ಕು ಕಾಲುಗಳೂ ನೆಲಕ್ಕೆ ಸಮನಾಗಿ ಕೂತಿವೆಯೇ ಎಂದು ಮೂಲೆಗಳನ್ನು ಒತ್ತಿ ನೋಡಬೇಕು. ಕುಂಟುವ ಕಾಲನ್ನು ತಿರುಗಿಸಿ ಸರಿ ಮಾಡಬಹುದು. ಹೊಸ ಫ್ರಂಟ್‌ಲೋಡ್ ಮಷಿನ್ ಆಗಿದ್ದರೆ ಸಾಗಿಸುವಾಗ ಡ್ರಮ್ ಅಲುಗದಂತೆ ಹಿಂಬದಿಯಲ್ಲಿ ಹಾಕಿದ ಬೋಲ್ಟ್‌ಗಳನ್ನು ತೆಗೆದಿದ್ದಾರೆಯೇ ಎಂದು ಮೊದಲು ನೋಡಬೇಕು. ಅವು ಉಳಿದರೆ ಮಷಿನ್ ವಿಪರೀತ ನಡುಗುತ್ತದೆ. ಕಾಲಡಿಗೆ ರಬ್ಬರ್ ಪ್ಯಾಡ್ ಹಾಕಿದರೆ ನಡುಕ ತಗ್ಗೀತು, ಪೂರ್ತಿ ನಿಲ್ಲುವುದಿಲ್ಲ. ಸ್ಪಿನ್ ವೇಗ ಇಳಿಸಿದರೂ ಸದ್ದು ಕಡಿಮೆಯಾಗುತ್ತದೆ, ಬಟ್ಟೆ ಮಾತ್ರ ಸ್ವಲ್ಪ ಹೆಚ್ಚು ಒದ್ದೆಯಾಗಿರುತ್ತದೆ.

ಉತ್ತರವೇ ಬಾರದಿದ್ದರೆ ವಾರ ಬಿಟ್ಟು ಇನ್ನೊಮ್ಮೆ ಅದೇ ವಿಷಯವನ್ನು, ಆಮೇಲೆ ಸದ್ದಾದ ದಿನಗಳನ್ನು ಸೇರಿಸಿ, ಅದೇ ದನಿಯಲ್ಲಿ ಬರೆಯಬೇಕು. ಅದಕ್ಕೂ ಫಲವಿಲ್ಲದಿದ್ದರೆ ಅಸೋಸಿಯೇಷನ್. ಮೊದಲ ಸಂದೇಶವನ್ನು ಡಿಲೀಟ್ ಮಾಡಬೇಡಿ, “ಅವರಿಗೆ ನೀವು ಹೇಳಿದ್ದೀರಾ?” ಎಂದೇ ಕಮಿಟಿಯವರು ಮೊದಲು ಕೇಳುತ್ತಾರೆ.