ಕೂಸಿನ ಕಿವಿ, ಕೂಸಿನ ಕಣ್ಣು

ಪರಿಚಿತರೊಬ್ಬರ ಮೂರು ದಿನದ ಮೊಮ್ಮಗಳಿಗೆ ಓಎಇ ಪರೀಕ್ಷೆಯಲ್ಲಿ ಎರಡೂ ಕಿವಿಗಳಿಂದ ಮರುದನಿ ಬರಲಿಲ್ಲ. ತಟ್ಟೆ ಬಿದ್ದರೆ ಬೆಚ್ಚುತ್ತಾಳೆ, ಕೇಳುತ್ತದೆ ಬಿಡಿ ಎಂದರು ಮನೆಯ ಹಿರಿಯರು. ಮೆಲುಮಾತು ಕೇಳದ ಕೂಸೂ ದೊಡ್ಡ ಸದ್ದಿಗೆ ಬೆಚ್ಚೀತು.

ಈ ಪರೀಕ್ಷೆಯಲ್ಲಿ ಕಿವಿಗೆ ಪುಟ್ಟ ಬಿರಡೆಯಿಟ್ಟು ಸದ್ದು ಬಿಡುತ್ತಾರೆ. ಸ್ವಸ್ಥವಾದ ಒಳಗಿವಿಯು ಹೊರಡಿಸುವ ಕ್ಷೀಣ ಮರುದನಿಯನ್ನು ಯಂತ್ರ ಗ್ರಹಿಸುತ್ತದೆ. ಹೆರಿಗೆಯ ದ್ರವ ಕಿವಿಯಲ್ಲಿ ಉಳಿದಿದ್ದರೂ ಅದು ಬಾರದು. ಆದಕಾರಣ ಕೆಲವು ದಿನ ಬಿಟ್ಟು ಮರುಪರೀಕ್ಷೆ ಮಾಡಿಸಿದರು, ಆಗಲೂ ಬರಲಿಲ್ಲ. ಶ್ರವಣನರದ ಸ್ಪಂದನವನ್ನಳೆಯುವ ಬೇರಾ ಪರೀಕ್ಷೆ ಮೂರು ತಿಂಗಳೊಳಗೆ ನಡೆದು, ದೋಷ ಖಚಿತವಾಯಿತು. ಮಿದುಳು ಮಾತಿಗೆ ಪಳಗುವುದು ಮೊದಲ ವರ್ಷಗಳಲ್ಲಿಯೇ. ಆರು ತಿಂಗಳು ತುಂಬುವುದರೊಳಗೆ ಶ್ರವಣಯಂತ್ರ ತೊಡಿಸಿದರು.

ಕಣ್ಣಿನದು ಇನ್ನೂ ಅವಸರದ ಸಂಗತಿ. ಬೆಳಕು ಬಿಟ್ಟಾಗ ಪಾಪೆ ಕೆಂಪಾಗಿ ಹೊಳೆಯದೆ ಬೆಳ್ಳಗೆ ಕಂಡರೆ ಪೊರೆಯಿರಬಹುದು, ಗಡ್ಡೆಯೂ ಇರಬಹುದು. ಕಾಯದೆ ಕೂಡಲೇ ನೇತ್ರತಜ್ಞರಲ್ಲಿಗೆ ಒಯ್ಯಬೇಕು.