ಏಳರಿಂದ ನಾಲ್ಕು, ಸಂದು ಚುಕ್ಕಿ

ಸಂಕ್ರಾಂತಿಯ ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ಮೊಬೈಲ್ ತೆರೆದರೆ ಊರಿನ ಅರ್ಧ ಬಾಗಿಲುಗಳು ಅದರೊಳಗೇ ಇರುತ್ತವೆ. ಒಂದೊಂದು ಬಾಗಿಲಿಗೂ ಒಂದು ರಂಗೋಲಿ. ಕೆಳಗಿನ ಸಾಲು ಮಾತ್ರ ಎಲ್ಲದಕ್ಕೂ ಒಂದೇ: ‘ಸರ್ವರಿಗೂ ಹಬ್ಬದ ಶುಭಾಶಯಗಳು’. ಶುಭಾಶಯದಲ್ಲಿ ತಪ್ಪೇನೂ ಇಲ್ಲ. ಆದರೆ ಆ ಪಟ ನೋಡಿ ‘ಇದನ್ನು ನಾನೂ ಹಾಕಬೇಕಲ್ಲ’ ಅಂದುಕೊಂಡವರಿಗೆ ಅದರಿಂದ ಏನೂ ಸಿಗುವುದಿಲ್ಲ. ‘ಎಷ್ಟು ಚುಕ್ಕಿ ರೀ?’ ಎಂದು ಅವರು ಕೇಳಿಯೇ ಕೇಳುತ್ತಾರೆ. ಹಾಕಿದವರು ಅಷ್ಟರಲ್ಲಿ ಪೊಂಗಲ್ ಇಡಲು ಒಳಗೆ ಹೋಗಿರುತ್ತಾರೆ.

ಪಟದಲ್ಲಿ ಕಾಣುವುದನ್ನು ಅಡಿಬರಹ ಮತ್ತೆ ಹೇಳಬೇಕಾಗಿಲ್ಲ. ‘ಸುಂದರವಾದ ಬಣ್ಣದ ರಂಗೋಲಿ’ ಎಂದು ಬರೆಯುವುದು ದಂಡ. ಕಣ್ಣಿಗೆ ಸಿಗದೆ ಹೋಗಿರುವುದನ್ನು ಅದು ಹೇಳಬೇಕು. ಚುಕ್ಕಿ ರಂಗೋಲಿಯಲ್ಲಿ ಹೀಗೆ ಕಾಣದೆ ಹೋಗುವುದು ಚುಕ್ಕಿಗಳೇ. ಚುಕ್ಕಿಗೆ ಚುಕ್ಕಿ ಸೇರಿಸಿ ಎಳೆ ಎಳೆದು ನಡುವೆ ಬಣ್ಣ ತುಂಬಿದ ಮೇಲೆ ಅವುಗಳ ಗುರುತೇ ಉಳಿಯುವುದಿಲ್ಲ. ಚುಕ್ಕಿಯನ್ನು ಬಳಸಿಕೊಂಡು ಎಳೆ ಸುತ್ತಿ ಬರುವ ರಂಗೋಲಿಯಾದರೆ ಅವು ಉಳಿದಿರುತ್ತವೆ, ಎಣಿಸಲೂಬಹುದು.

ಅಮ್ಮಂದಿರ ರಂಗೋಲಿ ಪುಸ್ತಕಗಳಲ್ಲಿ ಇದಕ್ಕೊಂದು ಸರಳ ಲೆಕ್ಕವಿದೆ. ನಡುವಿನ ದೊಡ್ಡ ಸಾಲಿನಲ್ಲಿ ಎಷ್ಟು ಚುಕ್ಕಿ, ಅಂಚಿನ ಸಾಲಿನಲ್ಲಿ ಎಷ್ಟು, ಮತ್ತು ಚುಕ್ಕಿ ನೇರವೋ ಸಂದೋ. ಇಷ್ಟು ಗೊತ್ತಾದರೆ ಚುಕ್ಕಿ ಇಟ್ಟುಬಿಡಬಹುದು. ನೇರ ಚುಕ್ಕಿಯೆಂದರೆ ಮೇಲಿನ ಸಾಲಿನ ಚುಕ್ಕಿಯ ಕೆಳಗೇ ಕೆಳಸಾಲಿನ ಚುಕ್ಕಿ. ಸಂದು ಚುಕ್ಕಿಯಲ್ಲಿ ಮೇಲಿನ ಎರಡು ಚುಕ್ಕಿಗಳ ನಡುವಿನ ಜಾಗದಲ್ಲಿ ಕೆಳಗಿನದು ಬರುತ್ತದೆ.

ಮೂರರಲ್ಲಿ ಜನ ಬಿಡುವುದು ಈ ಕೊನೆಯದನ್ನೇ. ‘7ರಿಂದ 1’ ಎಂದಷ್ಟೇ ಬರೆದಿದ್ದಾರೆ ಅನ್ನಿ. ಸಂದು ಚುಕ್ಕಿಯಾದರೆ ಏಳು, ಆರು, ಐದು ಎಂದು ಒಂದೊಂದೇ ಇಳಿದು ಒಂದಕ್ಕೆ ಬರಬೇಕು. ಎರಡೂ ಕಡೆ ಸೇರಿ 49 ಚುಕ್ಕಿ. ನೇರ ಚುಕ್ಕಿಯಾದರೆ ಎರಡು ತುದಿಯಲ್ಲೂ ಒಂದೊಂದು ಕಳೆಯುತ್ತದೆ; ಏಳು, ಐದು, ಮೂರು, ಒಂದು. ಒಟ್ಟು 25 ಮಾತ್ರ. ಬರೆದದ್ದು ಒಂದೇ, ಅಂಗಳದಲ್ಲಿ ಮೂಡುವುದು ಎರಡು ಬೇರೆ ರಂಗೋಲಿ. ತಪ್ಪು ಹಿಡಿದವರಿಗೆ ಅದು ಗೊತ್ತಾಗುವುದು ಅರ್ಧ ಎಳೆ ಎಳೆದ ಮೇಲೆ, ದಳವೊಂದಕ್ಕೆ ಚುಕ್ಕಿಯೇ ಸಿಗದೆ ಹೋದಾಗ.

ಆರು ದಳದ ಹೂವೊಂದನ್ನು ತೆಗೆದುಕೊಳ್ಳೋಣ. ಸಂದು ಚುಕ್ಕಿ, 7ರಿಂದ 4. ಸಾಲುಗಳು ನಾಲ್ಕು, ಐದು, ಆರು, ಏಳು, ಮತ್ತೆ ಆರು, ಐದು, ನಾಲ್ಕು. ಒಟ್ಟು 37 ಚುಕ್ಕಿ, ಸುತ್ತ ಆರು ಸಮ ಬದಿ, ನಟ್ಟನಡುವೆ ಒಂದು ಚುಕ್ಕಿ. ಆರು ದಳ ಸರಿಯಾಗಿ ಕೂರುವುದು ಅದಕ್ಕೇ. ಚುಕ್ಕಿಯಿಂದ ಚುಕ್ಕಿಗೆ ಎರಡಂಗುಲ ಬಿಟ್ಟರೆ ನಡುವಿನ ಸಾಲು ಒಂದಡಿ ಆಗುತ್ತದೆ. ಸಾಲಿನಿಂದ ಸಾಲಿಗೆ ಮಾತ್ರ ಎರಡಂಗುಲ ಬಿಡಬಾರದು, ಒಂದೂಮುಕ್ಕಾಲು ಸಾಕು. ಇಲ್ಲವಾದರೆ ಹೂವು ಉದ್ದಕ್ಕೆ ಎಳೆದಂತಾಗುತ್ತದೆ. ಇದರ ಅಡಿಬರಹವನ್ನು ನಾನಾದರೆ ಹೀಗೆ ಬರೆಯುತ್ತೇನೆ:

‘ಸಂಕ್ರಾಂತಿ, 2025. ಸಂದು ಚುಕ್ಕಿ, 7ರಿಂದ 4, ಒಂದಡಿ ಅಗಲ. ಅಂಚಿಗೆ ಕೆಮ್ಮಣ್ಣು. ಎಳೆ ಅತ್ತೆಯವರದು, ಬಣ್ಣ ಮಕ್ಕಳದು.’

ಇಸವಿ ಏಕೆಂದರೆ, ರಂಗೋಲಿ ಪಟಗಳು ಕೈಯಿಂದ ಕೈಗೆ ದಾಟುತ್ತಾ ಮೂರು ವರ್ಷದ ಮೇಲೆ ಮತ್ತೆ ನಮ್ಮ ಮನೆಗೇ ಬಂದು ನಿಲ್ಲುತ್ತವೆ. ಎಳೆ ಯಾರದು ಎಂಬ ಮಾತು ನನಗೆ ಚುಕ್ಕಿಯ ಲೆಕ್ಕದಷ್ಟೇ ಮುಖ್ಯ. ಬೆಳಗಿನ ಐದಕ್ಕೆ ಬಗ್ಗಿ ಕೂತವರು ಒಬ್ಬರು, ಪಟ ತೆಗೆದು ಹಾಕಿದವರು ಇನ್ನೊಬ್ಬರು, ಮೆಚ್ಚುಗೆ ಬರುವುದು ಎರಡನೆಯವರಿಗೆ. ನಕ್ಷೆ ಯಾವುದೋ ಪುಸ್ತಕದ್ದಾದರೆ ಅದನ್ನೂ ಒಂದು ಮಾತಿನಲ್ಲಿ ಹೇಳಿಬಿಡುವುದು ಒಳ್ಳೆಯದು.

ಹಾಕಿ ಮುಗಿಸಿದ ಮೇಲೆ ಲೆಕ್ಕ ನೆನಪಿಗೆ ಬಾರದೆ ಇರುವುದುಂಟು. ಎಳೆ ಎಳೆಯುವ ಮುನ್ನ, ಬರೀ ಚುಕ್ಕಿ ಇದ್ದಾಗ, ಮೇಲಿನಿಂದ ನೇರವಾಗಿ ಒಂದು ಪಟ ತೆಗೆದಿಟ್ಟರೆ ಆ ತೊಂದರೆಯಿಲ್ಲ. ಓರೆಯಾಗಿ ತೆಗೆದರೆ ದೂರದ ಸಾಲುಗಳು ಒತ್ತೊತ್ತಾಗಿ ಕಾಣುತ್ತವೆ, ಎಣಿಸುವಾಗ ಒಂದು ಸಾಲು ತಪ್ಪಿಹೋಗುತ್ತದೆ.

ಹೂವಿನ ರಂಗೋಲಿಗೆ ಚುಕ್ಕಿಯ ಗೊಡವೆ ಇಲ್ಲ. ಅಲ್ಲಿ ಬರೆಯಬೇಕಾದ್ದು ನಡುವಿನಿಂದ ಹೊರಕ್ಕೆ ಯಾವ ಸುತ್ತಿಗೆ ಯಾವ ಹೂವು ಎಂಬುದು. ‘ನಡುವೆ ಕೆಂಪು ಗುಲಾಬಿ ಎಸಳು, ಆಮೇಲೆ ಬಿಳಿ ಸೇವಂತಿಗೆ, ಹೊರಗೆ ಹಳದಿ ಚೆಂಡುಹೂವು, ಹಸಿರಿಗೆ ಮಾವಿನೆಲೆ ಸಣ್ಣಗೆ ಕತ್ತರಿಸಿದ್ದು.’ ಎಸಳು ಬಿಡಿಸಿದ್ದೋ ಇಡೀ ಹೂವೋ ಎಂದೂ ಸೇರಿಸಿ, ಕೊಳ್ಳುವವರಿಗೆ ಎಷ್ಟು ಹೂವು ಬೇಕೆಂಬ ಅಂದಾಜು ಸಿಗುತ್ತದೆ. ಪಟ ತೆಗೆದ ಹೊತ್ತನ್ನೂ ಬರೆಯಿರಿ. ಬಿಸಿಲು ಬಿದ್ದ ಮೇಲೆ ಗುಲಾಬಿ ಎಸಳು ಬಾಡಿ ಮುದುಡುತ್ತದೆ, ಚೆಂಡುಹೂವು ಅಷ್ಟು ಬೇಗ ಸೋಲುವುದಿಲ್ಲ. ‘ಬೆಳಿಗ್ಗೆ 7 ಗಂಟೆ’ ಎಂದು ನೋಡಿದವರು, ಮಧ್ಯಾಹ್ನ ನೆಂಟರು ಬರುವ ಮನೆಯಾದರೆ ನಡುವಿಗೂ ಚೆಂಡುಹೂವನ್ನೇ ತರಿಸುತ್ತಾರೆ.