ಹುಳಿಯೋ, ಒಗರೋ?

ಹಾಲು ಬೆರೆಸುವ ಮೊದಲು ಒಂದು ಚಮಚ ಕಾಫಿ ಡಿಕಾಕ್ಷನ್ನಿಗೆ ನಾಲ್ಕು ಚಮಚ ಬಿಸಿನೀರು ಸೇರಿಸಿ ರುಚಿ ನೋಡಿ. ಹಾಲು, ಸಕ್ಕರೆ ಮುಚ್ಚಿಡುವ ದೋಷ ಆಗ ನಾಲಿಗೆಗೆ ಸಿಗುತ್ತದೆ. ನೀರುನೀರಾಗಿ ಚುರುಕಾಗಿ ಹುಳಿ ಹೊಡೆದರೆ ಪುಡಿಯಿಂದ ರಸ ಸಾಕಷ್ಟು ಇಳಿದಿಲ್ಲ. ಕಹಿಯ ಜೊತೆಗೆ ಎಳೆ ಬಾಳೆಕಾಯಿ ಕಚ್ಚಿದಂತೆ ಬಾಯಿ ಒಣಗಿದರೆ, ಅದು ಒಗರು. ರಸ ಅತಿಯಾಗಿ ಇಳಿದಿದೆ.

ಹುರಿದ ಬೀಜದ ತೂಕದಲ್ಲಿ ನೀರಿಗೆ ಕರಗುವಂಥದ್ದು ಸುಮಾರು 30%. ಅಂದರೆ 20 ಗ್ರಾಂ ಪುಡಿಯಲ್ಲಿ 6 ಗ್ರಾಂ; ಉಳಿದದ್ದರಲ್ಲಿ ಹೆಚ್ಚಿನದು ಕರಗದ ನಾರು. ಆ 6 ಗ್ರಾಂ ಪೂರ್ತಿ ನಮಗೆ ಬೇಡ. ಹುಳಿ ಕೊಡುವ ಆಮ್ಲಗಳು ಬೇಗ ಕರಗಿ ಮೊದಲು ಬರುತ್ತವೆ, ಸಿಹಿ ಮತ್ತು ಮೈಕಟ್ಟು ಅವುಗಳ ಹಿಂದೆ, ಕಹಿ–ಒಗರಿನ ಪದಾರ್ಥಗಳು ನಿಧಾನವಾಗಿ ಕೊನೆಗೆ. ಎಲ್ಲಿ ನಿಲ್ಲಿಸಬೇಕು ಎಂಬುದೇ ಪ್ರಶ್ನೆ.

ಅದನ್ನು ಮುಖ್ಯವಾಗಿ ನಿರ್ಧರಿಸುವುದು ಪುಡಿಯ ತರಿ. ಒಂದು ಕಣದ ಅಗಲ ಅರ್ಧವಾಗುವಂತೆ ಒಡೆದರೆ ಅದು ಎಂಟು ಕಣವಾಗಿ, ನೀರು ತಾಗುವ ಮೈ ಎರಡರಷ್ಟಾಗುತ್ತದೆ. ನಮ್ಮ ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರಿನಲ್ಲಿ ಇನ್ನೊಂದು ಪರಿಣಾಮವೂ ಸೇರಿಕೊಳ್ಳುತ್ತದೆ: ನುಣ್ಣನೆಯ ಪುಡಿ ಒತ್ತಾಗಿ ಕೂತು ನೀರನ್ನು ತಡೆಯುವುದರಿಂದ ನೆನೆಯುವ ಹೊತ್ತೂ ಹೆಚ್ಚುತ್ತದೆ. ಹಾಗಾಗಿ ಇಲ್ಲಿ ಚೂರು ಬದಲಾವಣೆಯೂ ದೊಡ್ಡದಾಗಿ ಕಾಣುತ್ತದೆ.

ನಮ್ಮನೆಯಲ್ಲಿ 20 ಗ್ರಾಂ ಚಿಕ್ಕಮಗಳೂರಿನ ಅರೇಬಿಕಾ, ಕುದಿ ಇಳಿದ 120 ಮಿಲಿ ನೀರು ಇಟ್ಟುಕೊಂಡು ತರಿಯೊಂದನ್ನೇ ಬದಲಿಸಿ ನೋಡಿದೆ. ಉಪ್ಪಿಟ್ಟಿನ ರವೆಯಷ್ಟು ದಪ್ಪವಿದ್ದಾಗ 3 ನಿಮಿಷದಲ್ಲಿ ಎಲ್ಲ ಸೋರಿ ಹುಳಿಯಾಯಿತು. ಮೈದಾದಂತೆ ಬೀಸಿದಾಗ 40 ನಿಮಿಷವಾದರೂ ಮೇಲಿನ ಪಾತ್ರೆಯಲ್ಲಿ ನೀರು ನಿಂತೇ ಇತ್ತು. ಇಳಿದಷ್ಟು ಬರೀ ಒಗರು. ಚಿರೋಟಿ ರವೆಗಿಂತ ತುಸು ನುಣ್ಣಗೆ ಮಾಡಿದಾಗ ಸುಮಾರು 12 ನಿಮಿಷ ಹಿಡಿದು, ಹುಳಿ ಹಿತವಾಗಿ, ಹಿಂದೆ ಬೆಲ್ಲದಂಥ ಸಿಹಿ ಉಳಿಯಿತು.

ಹುಳಿ ಬಂದರೆ ಒಂದು ಹಂತ ನುಣ್ಣಗೆ, ಒಗರು ಬಂದರೆ ಒಂದು ಹಂತ ತರಿಯಾಗಿ ಬೀಸಿ. ಒಮ್ಮೆಗೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಅಂಗಡಿಯ ಪುಡಿಯಾದರೆ ತರಿ ನಿಮ್ಮ ಕೈಯಲ್ಲಿಲ್ಲ. ಆಗ ಹುಳಿಗೆ ಇನ್ನಷ್ಟು ಬಿಸಿಯಾದ ನೀರು ಹಾಕಿ, ಪುಡಿಯನ್ನು ಸ್ವಲ್ಪ ಒತ್ತಿ ಕೂರಿಸಿ. ಒಗರಿಗೆ ಒತ್ತದೆ ಸಡಿಲವಾಗಿ ಬಿಡಿ.

ಹುಳಿಯೂ ಒಗರೂ ಒಟ್ಟಿಗೇ ಬರುವುದುಂಟು. ಮಿಕ್ಸಿಯ ಬ್ಲೇಡು ಬೀಜವನ್ನು ಸಮನಾಗಿ ಒಡೆಯುವುದಿಲ್ಲ: ದೂಳಿನಂಥ ಕಣಗಳು ಒಗರು ಬಿಟ್ಟರೆ ದಪ್ಪ ತುಣುಕುಗಳು ಹುಳಿಯಲ್ಲೇ ನಿಲ್ಲುತ್ತವೆ. ಚಹಾ ಸೋಸುವ ಸಣ್ಣ ಜರಡಿಯಲ್ಲಿ ದೂಳು ಉದುರಿಸಿ, ದಪ್ಪ ತುಣುಕನ್ನು ಮತ್ತೆ ಬೀಸಿದರೆ ಬಹಳ ಮಟ್ಟಿಗೆ ಸರಿಹೋಗುತ್ತದೆ. ಆದರೆ ಕಪ್ಪಾಗುವಷ್ಟು ಹುರಿದ ಬೀಜದ ಕಹಿಯನ್ನು ಯಾವ ತರಿಯೂ ಪೂರ್ತಿ ತೆಗೆಯಲಾರದು. ಅಲ್ಲಿ ಬದಲಿಸಬೇಕಾದದ್ದು ಬೀಜವನ್ನೇ.